ಲೋಟದ ಚಿತ್ರ, ಲೀಟರಿನ ಪುಡಿ

ಭೇದಿಯಾದ ಮಗುವಿಗೆ ಓಆರ್‌ಎಸ್ ಕುಡಿಸುವುದು ಹೇಗೆಂದು ಹೇಳುವ ಚಿತ್ರಪಟಗಳನ್ನು ಅಂಗನವಾಡಿ ಗೋಡೆಗಳ ಮೇಲೆ, ಆರೋಗ್ಯ ಕೇಂದ್ರಗಳ ಪಡಸಾಲೆಯಲ್ಲಿ ನೋಡಿರುತ್ತೀರಿ. ಆರು ಚೌಕಟ್ಟು, ಒಂದೊಂದರಲ್ಲೂ ಒಂದು ಚಿತ್ರ, ಅದರಡಿ ಎರಡು ಮೂರು ಪದ. ಕೈ ತೊಳೆಯುವುದು, ಪೊಟ್ಟಣ ಕತ್ತರಿಸಿ ನೀರಿಗೆ ಸುರಿಯುವುದು, ಕಲಕುವುದು, ಚಮಚದಲ್ಲಿ ಕುಡಿಸುವುದು, ಉಳಿದದ್ದನ್ನು ಚೆಲ್ಲುವುದು, ಕೊನೆಗೆ ಸತುವಿನ ಮಾತ್ರೆ. ಓದು ಬಾರದ ತಾಯಂದಿರಿಗೆಂದೇ ಮಾಡಿದ್ದು. ಇಂಥದ್ದೊಂದು ಪಟವನ್ನು ಎದುರಿಗಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅಚ್ಚು ಹಾಕಿಸಿದವರು ಯಾರೆಂಬುದು ಇಲ್ಲಿ ಮುಖ್ಯವಲ್ಲ, ಏಕೆಂದರೆ ಇದರ ದೋಷ ಇದೊಂದರದ್ದಲ್ಲ.

ಮೊದಲು ಮೆಚ್ಚಬೇಕಾದದ್ದನ್ನು ಮೆಚ್ಚೋಣ. ತಾಯಿ ಸೀರೆ ಉಟ್ಟ ಹಳ್ಳಿಯ ಹೆಂಗಸೇ ಹೌದು, ಪರದೇಶದ ಕಡ್ಡಿಗೊಂಬೆಯಲ್ಲ. ಹಿನ್ನೆಲೆಯಲ್ಲಿ ಮರ, ಗುಡ್ಡ, ಹಸು ಎಂಬ ಗಲಾಟೆಯಿಲ್ಲ. 1976ರಲ್ಲಿ ನೇಪಾಳದ ಹಳ್ಳಿಗಳಲ್ಲಿ ಫಸೆಲ್ ಮತ್ತು ಹಾಲಂಡ್ ಎಂಬಿಬ್ಬರು ಓದು ಬಾರದವರಿಗೆ ನಾನಾ ಬಗೆಯ ಚಿತ್ರಗಳನ್ನು ತೋರಿಸಿ ಪರೀಕ್ಷೆ ಮಾಡಿದ್ದರು. ತೀರಾ ಸರಳಗೊಳಿಸಿ ಬರೀ ಗೆರೆಯ ಸಂಕೇತವಾಗಿಸಿದ ಚಿತ್ರವನ್ನು ಗುರುತಿಸುವುದೇ ಜನರಿಗೆ ಹೆಚ್ಚು ಕಷ್ಟವಾಯಿತು. ಮೈಗೆ ಒಂದಿಷ್ಟು ನೆರಳು, ಮುಖಕ್ಕೆ ಒಂದಿಷ್ಟು ವಿವರ ಬೇಕು. ಅಷ್ಟನ್ನು ಈ ಚಿತ್ರಕಾರ ಬಲ್ಲ.

ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತ್ತು. ಸಾಲಾಗಿಟ್ಟ ಚಿತ್ರಗಳನ್ನು ಎಡದಿಂದ ಬಲಕ್ಕೆ ಒಂದು ಕತೆಯಂತೆ ನೋಡಬೇಕೆಂಬುದು ಹುಟ್ಟುಗುಣವಲ್ಲ, ಪುಸ್ತಕ ಓದಿ ಬಂದ ಅಭ್ಯಾಸ. ನಮ್ಮ ಪಟದಲ್ಲಿ ಕ್ರಮ ತೋರಿಸಲು ಸಂಖ್ಯೆಗಳಿವೆ, ಸರಿಯೇ. ಆದರೆ ಅವು ೧, ೨, ೩ ಎಂದಿವೆ. ಅಕ್ಷರ ಬಾರದವರಲ್ಲೂ ಬಹಳ ಮಂದಿಗೆ ಅಂಕಿ ಬರುತ್ತದೆ, ನೋಟಿನಿಂದ, ಮೊಬೈಲಿನ ಗುಂಡಿಗಳಿಂದ ಕಲಿತದ್ದು. ಅಲ್ಲಿರುವುದು 1, 2, 3. ಕನ್ನಡದ ಅಂಕಿಗಳ ಮೇಲಿನ ಅಭಿಮಾನ ನನಗೂ ಇದೆ. ಅದನ್ನು ತೋರಿಸಲು ಭೇದಿಯ ಪಟ ತಕ್ಕ ಜಾಗವಲ್ಲ.

ಇದು ಸಣ್ಣ ಆಕ್ಷೇಪ. ದೊಡ್ಡದು ಎರಡನೇ ಚೌಕಟ್ಟಿನಲ್ಲಿದೆ. ಅಲ್ಲಿ ಒಂದು ಕೈ ಪೊಟ್ಟಣದ ಪುಡಿಯನ್ನು ಪಾತ್ರೆಗೆ ಸುರಿಯುತ್ತಿದೆ. ಪಾತ್ರೆ ನೋಡಲು ಲೋಟದಂತಿದೆ. ಚಿತ್ರಕಾರ ಬಹುಶಃ ಚೊಂಬು ಬರೆಯಲು ಹೊರಟಿದ್ದ, ಆದರೆ ಪಕ್ಕದ ಕೈ ದೊಡ್ಡದಾಗಿ, ಪಾತ್ರೆ ಅದರ ಎದುರು ಚಿಕ್ಕದಾಗಿದೆ. ಅಡಿಯಲ್ಲಿ ‘ನೀರಿಗೆ ಬೆರೆಸಿ’ ಎಂದಿದೆ. ಎಷ್ಟು ನೀರಿಗೆ? ಚಿತ್ರದಲ್ಲೂ ಇಲ್ಲ, ಪದದಲ್ಲೂ ಇಲ್ಲ.

ಈ ‘ಎಷ್ಟು’ ಎಂಬುದರ ಮೇಲೇ ಓಆರ್‌ಎಸ್ ನಿಂತಿದೆ. ದೊಡ್ಡ ಪೊಟ್ಟಣದಲ್ಲಿ 20.5 ಗ್ರಾಂ ಪುಡಿ ಇರುತ್ತದೆ. ಅದರಲ್ಲಿ 13.5 ಗ್ರಾಂ ಗ್ಲೂಕೋಸ್, ಉಳಿದದ್ದು ಲವಣಗಳು. ಅಷ್ಟೂ ಒಂದು ಲೀಟರ್ ನೀರಿಗೆ. ಆ ಪ್ರಮಾಣದಲ್ಲಿ ಬೆರೆಸಿದರೆ ಗ್ಲೂಕೋಸ್ ಸೋಡಿಯಂ ಅನ್ನು ತನ್ನ ಜೊತೆ ಕರುಳಿನ ಗೋಡೆ ದಾಟಿಸುತ್ತದೆ, ಅವೆರಡರ ಹಿಂದೆ ನೀರೂ ಮೈಗೆ ಸೇರುತ್ತದೆ. ಈಗ ಪಟವನ್ನು ನಂಬಿದ ತಾಯಿ ಇಡೀ ಪೊಟ್ಟಣವನ್ನು 200 ಮಿಲಿ ಲೋಟಕ್ಕೆ ಸುರಿದಳೆನ್ನಿ. ದ್ರಾವಣ ಐದು ಪಟ್ಟು ಗಟ್ಟಿಯಾಯಿತು. ಸರಿಯಾದ ದ್ರಾವಣದ ಲೀಟರಿಗೆ 75 ಮಿಲಿಮೋಲ್ ಸೋಡಿಯಂ ಇದ್ದರೆ ಇದರಲ್ಲಿ 375. ಕಡಲ ನೀರಿನ ಉಪ್ಪಿಗೆ ಅದು ಬಹಳ ದೂರವಿಲ್ಲ. ನೀರು ಕರುಳಿನಿಂದ ಮೈಗೆ ಹೋಗುವ ಬದಲು ಮೈಯಿಂದ ಕರುಳಿಗೆ ಬರತೊಡಗುತ್ತದೆ. ಭೇದಿ ಹೆಚ್ಚುತ್ತದೆ, ರಕ್ತದಲ್ಲಿ ಸೋಡಿಯಂ ಏರುತ್ತದೆ, ಮಗುವಿಗೆ ಸೆಳವು ಬರಬಹುದು. ಪಟ ಹೇಳಿದಂತೆ ಮಾಡಿದ್ದಕ್ಕೇ ಇಷ್ಟೂ ಆಗುತ್ತದೆ!

ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಅಂಗಡಿಗಳಲ್ಲಿ 200 ಮಿಲಿಗೆಂದೇ ಮಾಡಿದ, ನಾಲ್ಕು ಗ್ರಾಮಿನ ಆಸುಪಾಸಿನ ಚಿಕ್ಕ ಪೊಟ್ಟಣ ಸಿಗುತ್ತದೆ. ಅದಕ್ಕೆ ಲೋಟವೇ ಸರಿ. ಅದನ್ನು ಲೀಟರಿಗೆ ಹಾಕಿದರೆ ಹೆಚ್ಚುಕಡಿಮೆ ಬರೀ ನೀರು ಕುಡಿಸಿದಂತೆ. ಪಟದಲ್ಲಿರುವ ಪೊಟ್ಟಣ ಯಾವುದೆಂದು ಯಾರಿಗೂ ತಿಳಿಯದು. ಪರಿಹಾರ ಕಷ್ಟದ್ದೇನಲ್ಲ. ನೀರು ಮಾರುವ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ಈಗ ಎಲ್ಲ ಊರಿನಲ್ಲೂ ಹೆಚ್ಚುಕಡಿಮೆ ಒಂದೇ ಆಕಾರದ್ದು, ಹೊಲಕ್ಕೆ ಹೋಗುವವರ ಕೈಯಲ್ಲೂ ಅದೇ. ತುಂಬಿದ ಬಾಟಲಿ, ಅದರ ಪಕ್ಕ ಆರೋಗ್ಯ ಕೇಂದ್ರ ಕೊಡುವ ಪೊಟ್ಟಣ ಅದರದೇ ಬಣ್ಣದಲ್ಲಿ, ಆಮೇಲೆ ಬಾಟಲಿಯ ನೀರೂ ಪೊಟ್ಟಣದ ಪುಡಿಯೂ ಪೂರ್ತಿಯಾಗಿ ಒಂದೇ ಪಾತ್ರೆಗೆ ಬೀಳುತ್ತಿರುವುದು. ಅಡಿಯಲ್ಲಿ ‘1 ಪೊಟ್ಟಣ, 1 ಬಾಟಲಿ’. ಪಟದಲ್ಲಿ ನಾಲ್ಕೇ ಪದಕ್ಕೆ ಜಾಗವಿದ್ದರೂ ಅವನ್ನು ಇಲ್ಲಿಗೇ ಖರ್ಚು ಮಾಡಬೇಕು. ಕೈ ತೊಳೆಯುತ್ತಿರುವ ಚಿತ್ರದ ಕೆಳಗೆ ‘ಕೈ ತೊಳೆಯಿರಿ’ ಎಂದು ಬರೆದದ್ದು ದುಂದು.

ಅಳತೆಯ ನಂತರ ಚಿತ್ರ ಸೋಲುವುದು ಕಾಲದ ಮುಂದೆ. ಕಲಸಿದ ದ್ರಾವಣವನ್ನು 24 ಗಂಟೆಯ ಬಳಿಕ ಚೆಲ್ಲಬೇಕು. ಇದನ್ನು ಹೇಳಲು ಐದನೇ ಚೌಕಟ್ಟಿನಲ್ಲಿ ಪಾತ್ರೆಯ ಮೇಲೊಂದು ಸೂರ್ಯ, ಒಂದು ಚಂದ್ರ, ಪಕ್ಕದಲ್ಲಿ ಬಾಗಿದ ಪಾತ್ರೆ. ಸೂರ್ಯ ಚಂದ್ರ ಕಂಡವರು ‘ಹಗಲೂ ರಾತ್ರಿಯೂ ಕೊಡಬೇಕು’ ಎಂದುಕೊಳ್ಳುವುದೇ ಸಹಜ. ಬಾಗಿದ ಪಾತ್ರೆ ಇನ್ನೊಂದಕ್ಕೆ ಬಗ್ಗಿಸಿಕೊಳ್ಳುವ ಹಾಗೂ ಕಾಣುತ್ತದೆ. ಅಮೆರಿಕದ ಸುರಕ್ಷಾ ಫಲಕಗಳ ಮಾನದಂಡದಲ್ಲಿ ಒಂದು ಒಳ್ಳೆಯ ನಿಯಮವಿದೆ. ಸಂಕೇತವನ್ನು ನೂರಕ್ಕೆ 85 ಮಂದಿ ಸರಿಯಾಗಿ ತಿಳಿಯಬೇಕು, ಜೊತೆಗೆ ಅಪಾಯಕ್ಕೆ ದಾರಿಯಾಗುವಂತೆ ತಿರುಗುಮುರುಗಾಗಿ ತಿಳಿಯುವವರು 5ನ್ನು ಮೀರಬಾರದು. ಅರ್ಥವೇ ಆಗದ ಚಿತ್ರಕ್ಕಿಂತ ಉಲ್ಟಾ ಅರ್ಥವಾಗುವ ಚಿತ್ರ ಕೆಟ್ಟದ್ದು ಎಂಬ ವಿವೇಕ ಅದರಲ್ಲಿದೆ. ನಮ್ಮ ಪಟದ ಐದನೇ ಚೌಕಟ್ಟು ಆ ಎರಡನೇ ಜರಡಿಯಲ್ಲಿ ನಿಲ್ಲಲಾರದು. ಈ ಮಾತನ್ನು ಚಿತ್ರಕ್ಕೆ ಬಿಡದೆ ಆಶಾ ಕಾರ್ಯಕರ್ತೆಯ ಬಾಯಿಗೆ ಬಿಡುವುದು ಲೇಸು.

ಸತುವಿನ ಮಾತ್ರೆಯದೂ ಇದೇ ಪಾಡು. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಮಿನ ಒಂದು ಮಾತ್ರೆ, ಎರಡರಿಂದ ಆರು ತಿಂಗಳಿನ ಕೂಸಿಗೆ ಅರ್ಧ, ಭೇದಿ ನಿಂತ ಮೇಲೂ ಬಿಡದೆ ಒಟ್ಟು 14 ದಿನ. ಪಟದಲ್ಲಿ ಇರುವುದು ಚಮಚದಲ್ಲಿ ಕರಗುತ್ತಿರುವ ಒಂದೇ ಮಾತ್ರೆ. ಭೇದಿ ನಿಂತ ದಿನವೇ ಮಾತ್ರೆಯೂ ನಿಲ್ಲುವುದು ಇದರಿಂದ ತಪ್ಪದು. 14 ಚೌಕಗಳ ಒಂದು ಚೀಟಿಯನ್ನು ಮಾತ್ರೆಯ ಜೊತೆ ಮನೆಗೆ ಕೊಟ್ಟು, ದಿನಕ್ಕೊಂದು ಚೌಕಕ್ಕೆ ಗೀಟು ಹಾಕಿಸಿದರೆ ಕೆಲಸವಾದೀತು. ಗೋಡೆಯ ಪಟ ಮನೆಗೆ ಬರುವುದಿಲ್ಲವಲ್ಲ.

ಇಂಥ ತಪ್ಪು ಬಡ ಮುದ್ರಣಾಲಯದ್ದು ಮಾತ್ರ ಎಂದುಕೊಳ್ಳಬೇಡಿ. 2009ರಲ್ಲಿ ದೇಶದಾದ್ಯಂತ ಜಗಿಯುವ ತಂಬಾಕಿನ ಪೊಟ್ಟಣಗಳ ಮೇಲೆ ಚೇಳಿನ ಚಿತ್ರ ಬಂತು, ಕ್ಯಾನ್ಸರಿನ ಸಂಕೇತವಾಗಿ. ಚೇಳಿಗೂ ಬಾಯಿಯ ಹುಣ್ಣಿಗೂ ಏನು ನಂಟು? 2011ರ ಕೊನೆಗೆ ಅದರ ಜಾಗಕ್ಕೆ ಬಾಯಿಯ ಕ್ಯಾನ್ಸರಿನ ಚಿತ್ರಗಳೇ ಬಂದವು. ಇಡೀ ಆರೋಗ್ಯ ಇಲಾಖೆಗೆ ಒಂದು ಚಿತ್ರ ಸರಿಪಡಿಸಿಕೊಳ್ಳಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು.

ಮುದ್ರಣಕ್ಕೆ ಮುಂಚೆ ‘ಅರ್ಥವಾಯಿತೇ ಅಮ್ಮಾ’ ಎಂದು ಕೇಳಿದರೆ ಯಾರಾದರೂ ಆಯಿತೆಂದೇ ತಲೆಯಾಡಿಸುತ್ತಾರೆ. ಪಟವನ್ನು ಎದುರಿಗಿಟ್ಟು ಪೊಟ್ಟಣ, ಲೋಟ, ಬಾಟಲಿ, ಬಿಂದಿಗೆ ಕೊಟ್ಟು, ಬಾಯಿ ಬಿಡದೆ ಕಲಸಲು ಬಿಡಬೇಕು. ಲೋಟಕ್ಕೆ ಕೈ ಹೋದರೆ ಪಟ ಅನುತ್ತೀರ್ಣ. ನನ್ನೆದುರಿನ ಈ ಪಟ ಚೆಂದವಾಗಿದೆ, ಆದರೂ ಎರಡನೇ ಮತ್ತು ಐದನೇ ಚೌಕಟ್ಟು ಬದಲಾಗುವವರೆಗೆ ಇದನ್ನು ಗೋಡೆಯಿಂದ ಇಳಿಸಬೇಕು.