ಯಾರಿಗೆ ಗೊತ್ತಿಲ್ಲ?

ಜೆನೆಟಿಕ್ ಕೌನ್ಸೆಲರ್‌ಗಳು ಮನೆಗೆ ಕಳಿಸುವ ಪತ್ರಕ್ಕೆ ವೈದ್ಯಕೀಯ ವಲಯದಲ್ಲಿ ಒಳ್ಳೆಯ ಹೆಸರಿದೆ. ಡಾಕ್ಟರು ಗೀಚಿದ ಚೀಟಿಗೂ ಲ್ಯಾಬಿನ ರಿಪೋರ್ಟಿಗೂ ನಡುವೆ, ಓದುವವರನ್ನು ನೆನೆದು ಬರೆದ ಕಾಗದ ಇದೊಂದೇ ಎನ್ನುತ್ತಾರೆ. ರೋಗಿಯ ಬಗ್ಗೆ ಇನ್ನೊಬ್ಬ ವೈದ್ಯರಿಗೆ ಬರೆಯುವ ಬದಲು ರೋಗಿಗೇ ಬರೆಯಿರಿ ಎಂದು 2018ರಲ್ಲಿ ಬ್ರಿಟನ್ನಿನ ವೈದ್ಯ ಕಾಲೇಜುಗಳ ಒಕ್ಕೂಟ ಕೈಪಿಡಿ ತಂದ ಮೇಲಂತೂ ಈ ಪ್ರಕಾರದ ಮರ್ಯಾದೆ ಇನ್ನಷ್ಟು ಏರಿತು. ನನ್ನ ಮುಂದೆಯೂ ಅಂಥದೊಂದು ಪತ್ರವಿದೆ. ಕನ್ನಡದಲ್ಲಿದೆ, ಎರಡು ಪುಟ. ಮಾದರಿ ಎಂದು ತರಬೇತಿಯೊಂದರಲ್ಲಿ ಹಂಚಿದ್ದು. ನನ್ನ ಮಟ್ಟಿಗೆ ಇದು ಸೋತ ಪತ್ರ.

ಅಕ್ಕನಿಗೆ 42ಕ್ಕೆ ಸ್ತನ ಕ್ಯಾನ್ಸರ್. ತಾಯಿಗೂ ಅದೇ ಕಾಯಿಲೆ, 50ರ ಆಸುಪಾಸಿನಲ್ಲಿ. ತಂಗಿಗೆ 38, ಆರೋಗ್ಯವಾಗಿದ್ದಾಳೆ. ಅಕ್ಕನ ರಕ್ತ ಪರೀಕ್ಷೆಯಲ್ಲಿ ಬಿಆರ್‌ಸಿಎ2 ಜೀನಿನ ಒಂದು ಅಕ್ಷರ ಬೇರೆಯಾಗಿರುವುದು ಕಂಡಿತು. ಅದರಿಂದ ಆ ಪ್ರೋಟೀನಿನ ಒಂದು ಅಮೈನೋ ಆಮ್ಲ ಬದಲಾಗುತ್ತದೆ. ಪ್ರೋಟೀನು ಕೆಡುತ್ತದೆಯೋ ಇಲ್ಲವೋ ಗೊತ್ತಿಲ್ಲ. (ಗುರುತು ಹತ್ತದಂತೆ ಮನೆಯ ವಿವರ ಬದಲಿಸಿದ್ದೇನೆ. ವಾಕ್ಯ ಮುಟ್ಟಿಲ್ಲ.) ಪತ್ರದ ಬೆನ್ನೆಲುಬಾದ ವಾಕ್ಯ ಇದು: ‘ನಿಮ್ಮ ಜೀನಿನಲ್ಲಿ ಅನಿಶ್ಚಿತ ಮಹತ್ವದ ರೂಪಾಂತರ ಕಂಡುಬಂದಿದ್ದು, ಅದರ ಪರಿಣಾಮ ಸದ್ಯಕ್ಕೆ ತಿಳಿದುಬಂದಿಲ್ಲ, ಆದ್ದರಿಂದ ನಿಮ್ಮ ವೈದ್ಯಕೀಯ ಆರೈಕೆಯಲ್ಲಿ ಯಾವುದೇ ಬದಲಾವಣೆ ಇರುವುದಿಲ್ಲ.’

ಮೊದಲು ‘ಮಹತ್ವ’. ಇಂಗ್ಲಿಷಿನ ಸಿಗ್ನಿಫಿಕೆನ್ಸ್‌ಗೆ ಅರ್ಥ ಎಂದೂ ಆಗುತ್ತದೆ, ತೂಕ ಎಂದೂ ಆಗುತ್ತದೆ. ಕನ್ನಡದ ಮಹತ್ವಕ್ಕೆ ಇರುವುದು ತೂಕ ಮಾತ್ರ. ಹೀಗಾಗಿ ಓದುವವರಿಗೆ ಕೇಳಿಸುವುದೇ ಬೇರೆ: ದೋಷವಂತೂ ಇದೆ, ಎಷ್ಟು ದೊಡ್ಡದು ಅನ್ನುವುದಷ್ಟೇ ಬಾಕಿ. ನಿಜವಾದ ಪ್ರಶ್ನೆ ಅದಕ್ಕಿಂತ ಹಿಂದಿನದು, ದೋಷ ಇದೆಯೇ ಎಂಬುದು. ಇನ್ನು ‘ರೂಪಾಂತರ’. ಕೊರೊನಾ ಕಾಲದಲ್ಲಿ ‘ರೂಪಾಂತರಿ ವೈರಸ್’ ಎಂದು ದಿನಾ ಪತ್ರಿಕೆಯಲ್ಲಿ ಓದಿದ ಮನೆಗೆ ಈ ಪದ ಕಳಿಸುವವರು ಅದರ ಜೊತೆಗೆ ಏನೇನು ಹೋಗುತ್ತದೆಂದು ಯೋಚಿಸಬೇಕಿತ್ತು.

ಆದರೆ ನನ್ನ ತಕರಾರಿನ ಗಂಟಿರುವುದು ‘ತಿಳಿದುಬಂದಿಲ್ಲ’ದಲ್ಲಿ. ಇದು ಅಪರಾಧ ಸುದ್ದಿಯ ಕ್ರಿಯಾಪದ. ‘ಕೊಲೆಗೆ ಕಾರಣ ತಿಳಿದುಬಂದಿಲ್ಲ’ ಎಂದು ಓದಿದವರು ‘ಪೊಲೀಸರು ತನಿಖೆ ಕೈಗೊಂಡಿದ್ದಾರೆ’ ಎಂಬ ಮುಂದಿನ ಸಾಲನ್ನು ತಾವೇ ಸೇರಿಸಿಕೊಳ್ಳುತ್ತಾರೆ. ಈ ಮನೆಯವರೂ ಸೇರಿಸಿಕೊಂಡರು. ಲ್ಯಾಬಿನಲ್ಲಿ ಯಾರೋ ಅಕ್ಕನ ರಕ್ತ ಇಟ್ಟುಕೊಂಡು ಇನ್ನೂ ನೋಡುತ್ತಿದ್ದಾರೆ ಎಂದೇ ನಂಬಿದ್ದರು. ಹಾಗೇನೂ ನಡೆಯುತ್ತಿರಲಿಲ್ಲ. ‘ಗೊತ್ತಿಲ್ಲ’ ಎಂದು ಬರೆದಿದ್ದರೆ ಭಾಷೆಯೇ ‘ಯಾರಿಗೆ?’ ಎಂದು ಕೇಳುತ್ತಿತ್ತು. ನಮಗೆ, ಲ್ಯಾಬಿನವರಿಗೆ, ಸದ್ಯ ಯಾರಿಗೂ ಎಂದು ಉತ್ತರಿಸಬೇಕಾಗುತ್ತಿತ್ತು. ಪತ್ರ ಬರೆದವರು ಆ ‘ನಮಗೆ’ಯಿಂದ ನಾಜೂಕಾಗಿ ಜಾರಿಕೊಂಡಿದ್ದಾರೆ.

ಎಲ್ಲಕ್ಕಿಂತ ದುಬಾರಿ ಪದ ‘ಆದ್ದರಿಂದ’. ಅರ್ಥ ಗೊತ್ತಿಲ್ಲದ ವ್ಯತ್ಯಾಸವನ್ನು ನಂಬಿ ಚಿಕಿತ್ಸೆ ನಿರ್ಧರಿಸಬೇಡಿ ಎಂಬುದು ಅಮೆರಿಕದ ತಜ್ಞರ ಸಂಘಗಳು 2015ರಲ್ಲಿ ಹಾಕಿಕೊಟ್ಟ ನಿಯಮ. ಸರಿಯಾದದ್ದೇ. ಈ ವ್ಯತ್ಯಾಸ ನೋಡಿ ಹೆದರಿ ಅಂಡಾಶಯ ತೆಗೆಸಿಕೊಳ್ಳುವಂಥ ಅನಾಹುತ ತಪ್ಪುವುದು ಅದರಿಂದಲೇ. ಆದರೆ ನಿಯಮ ಬದಿಗಿಡುವುದು ಆ ಒಂದು ಅಕ್ಷರವನ್ನು. ತಾಯಿಗೂ ಮಗಳಿಗೂ ಬಂದ ಕಾಯಿಲೆಯನ್ನಲ್ಲ. ಆ ಚರಿತ್ರೆಯೊಂದೇ ಸಾಕು, ತಂಗಿಗೆ ಮ್ಯಾಮೊಗ್ರಾಮ್ ಯಾವಾಗಿಂದ, ಎಷ್ಟು ಸಲ, ಎಂಆರ್‌ಐ ಬೇಕೇ ಎಂದು ಕೂತು ಮಾತಾಡಲು. ಪತ್ರದಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ. ತಂಗಿ ನನ್ನೆದುರೇ ಹೇಳಿದ್ದು: ‘ಅಕ್ಕನ ಕಾಗದದಾಗ ಏನೂ ಬದಲಿಲ್ಲ ಅಂತ ಬಂದೈತ್ರಿ, ಹಂಗಾರ ನಂದೇನ್ ತೋರ್ಸೋದೈತಿ?’ ವಾಕ್ಯ ಹೇಳಿದ್ದನ್ನೇ ಆಕೆ ಓದಿದ್ದಾಳೆ.

ಇಲ್ಲಿ ನನ್ನ ಜೊತೆ ವಿಮರ್ಶಕ ಮಿತ್ರರ ಜಗಳವಿದೆ. ಒಂದು ಪಂಥ ಸರಳತೆಯದು: ವಾಕ್ಯ ಚಿಕ್ಕದಿರಲಿ, ಪದ ಸುಲಭವಿರಲಿ. ಮೇಲಿನ ವಾಕ್ಯವನ್ನು ಮೂರು ತುಂಡು ಮಾಡಿದರೆ ಇವರ ಪರೀಕ್ಷೆಯಲ್ಲಿ ಅದು ಪಾಸು, ‘ಆದ್ದರಿಂದ’ದ ಸಮೇತ. ಇನ್ನೊಂದು ಪಂಥ ಅನುಕಂಪದ್ದು. ‘ಇದರಿಂದ ನಿಮಗೆ ಕಳವಳವಾಗಿರಬಹುದು’ ಎಂಬ ಸಾಲು ಪತ್ರದಲ್ಲಿ ಮೂರು ಸಲ ಬಂದಿರುವುದನ್ನು ಇವರು ಮೆಚ್ಚಿ ಬರೆದಿದ್ದಾರೆ. ಗೊತ್ತಿಲ್ಲದ್ದನ್ನು ವಿವರಿಸಲಾಗದು, ಸಮಾಧಾನ ಹೇಳಬಹುದಷ್ಟೇ ಎಂಬುದು ಅವರ ವಾದ. ಅಪ್ಪಟ ತಪ್ಪು. ಗೊತ್ತಿಲ್ಲದಿರುವುದಕ್ಕೂ ಅಳತೆಯಿದೆ. ರೋಗಕಾರಕ ಎನ್ನುವ ಸಾಧ್ಯತೆ 10%ನಿಂದ 90%ರವರೆಗೆ ಎಲ್ಲಿದ್ದರೂ ಹಣೆಪಟ್ಟಿ ಇದೇ. ಬ್ರಿಟನ್ನಿನ ಲ್ಯಾಬುಗಳಿಗೆ ಅದರೊಳಗೇ ಬಿಸಿ, ಬೆಚ್ಚಗೆ, ತಣ್ಣಗೆ ಎಂದು ಮೆಟ್ಟಿಲು ಮಾಡಿಕೊಳ್ಳುವ ಪದ್ಧತಿಯಿದೆ. ಅಮೆರಿಕದ ಒಂದು ದೊಡ್ಡ ಲ್ಯಾಬಿನ ಕ್ಯಾನ್ಸರ್ ಜೀನ್ ಪರೀಕ್ಷೆಗಳ ಲೆಕ್ಕ 2018ರಲ್ಲಿ ಪ್ರಕಟವಾಯಿತು: ಅನಿಶ್ಚಿತ ಎಂದಿದ್ದು ಮುಂದೆ ಮರುವರ್ಗೀಕರಣಗೊಂಡವುಗಳಲ್ಲಿ ಸುಮಾರು 91% ನಿರಪಾಯದ ಕಡೆಗೇ ಸರಿದವು. ಮರುವರ್ಗೀಕರಣ ಆಗದೆ ಉಳಿದವುಗಳಿಗೆ ಈ ಲೆಕ್ಕ ಹಿಡಿಯಬಾರದು, ಒಪ್ಪಿದೆ. ಆದರೂ ಮೂರು ‘ಕಳವಳ’ಗಳ ಜಾಗದಲ್ಲಿ ಇದೊಂದು ಸಾಲು ಇದ್ದಿದ್ದರೆ ಅಕ್ಕನ ಎಷ್ಟು ರಾತ್ರಿಗಳ ನಿದ್ದೆ ಉಳಿಯುತ್ತಿತ್ತು.

ನಮ್ಮ ಮನೆಗಳಿಗೆ ಇಂಥ ಪತ್ರ ಬರಲು ಕಾರಣವೂ ಭಾಗಶಃ ನಮ್ಮ ರಕ್ತದಲ್ಲಿಲ್ಲ, ದತ್ತಾಂಶದಲ್ಲಿದೆ. ಒಂದು ವ್ಯತ್ಯಾಸ ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಕಂಡರೆ ಅದರ ಮೇಲಿನ ಅನುಮಾನ ಬೀಳುತ್ತದೆ. ಹೋಲಿಸಿ ನೋಡುವ ಪಟ್ಟಿಗಳಲ್ಲಿ ಯುರೋಪ್ ಮೂಲದವರೇ ಹೆಚ್ಚು. ನಮ್ಮ ಒಂದು ಸಮುದಾಯದಲ್ಲಿ ಮಾಮೂಲಾಗಿರುವುದು ಅಲ್ಲಿ ಅಪರೂಪವೆಂದು ತೋರಿಬಿಡಬಹುದು. ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರ ಮುನ್ನಡೆಸಿದ ಜೀನೋಮ್ ಇಂಡಿಯಾ ಯೋಜನೆಯ 10,000 ಜೀನೋಮ್‌ಗಳ ದತ್ತಾಂಶ ಸಂಶೋಧಕರಿಗೆ ತೆರೆದದ್ದು 2025ರ ಜನವರಿಯಲ್ಲಿ. ಪತ್ರ ಅದಕ್ಕೂ ಹಳೆಯದು, ಆ ತಪ್ಪನ್ನು ಬರೆದವರ ಮೇಲೆ ಹೊರಿಸಲಾರೆ.

‘ಕುಟುಂಬದ ಇತರರಿಗೆ ಪರೀಕ್ಷೆ ಶಿಫಾರಸು ಮಾಡುವುದಿಲ್ಲ’ ಎಂಬುದೂ ಸರಿಯೇ, ಕಾರಣ ಕೊಟ್ಟಿಲ್ಲ. ಕಾರಣ ನಾಣ್ಯ ಚಿಮ್ಮಿದಷ್ಟು ಸುಲಭ. ಅಕ್ಕನಿಗೆ ಇದು ಬಂದಿರುವುದು ಹೆಚ್ಚುಕಡಿಮೆ ಖಂಡಿತ ಅಪ್ಪನಿಂದಲೋ ಅಮ್ಮನಿಂದಲೋ. ತಂಗಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಇದ್ದರೂ ಏನೂ ಹೇಳದು, ಇಲ್ಲದಿದ್ದರೂ ಏನೂ ಹೇಳದು. ತಾಯಿಯ ಮಾತು ಬೇರೆ. ಕಾಯಿಲೆ ಬಂದ ಆಕೆಯಲ್ಲಿ ಈ ಅಕ್ಷರ ಸರಿಯಾಗಿಯೇ ಇದ್ದರೆ, ಮನೆಯ ಕ್ಯಾನ್ಸರಿಗೆ ಇದೇ ಕಾರಣ ಎಂಬ ಗುಮಾನಿ ಸ್ವಲ್ಪ ಸಡಿಲಾಗುತ್ತದೆ. ಆಕೆಯಲ್ಲೂ ಇದ್ದರೆ ಗುಮಾನಿ ಹೆಚ್ಚೇನೂ ಬಿಗಿಯಾಗದು, ಹೇಗೂ ಅರ್ಧ ಸಾಧ್ಯತೆ ಇತ್ತಲ್ಲ. ತಾಯಿ ಬದುಕಿದ್ದಾರೆ, ರಕ್ತ ಕೊಡಲು ಸಿದ್ಧರಿದ್ದಾರೆ. ಪತ್ರ ಅವರನ್ನೂ ‘ಇತರರು’ ಎಂಬುದರಲ್ಲಿ ಸೇರಿಸಿ ಮುಗಿಸಿದೆ.

ಗುಣಗಳೂ ಇವೆ. ವಂಶಾವಳಿಯ ಚಿತ್ರ ಅಚ್ಚುಕಟ್ಟಾಗಿದೆ, ಮೂಲ ರಿಪೋರ್ಟು ಲಗತ್ತಿಸಿದ್ದಾರೆ, ಕಾಗುಣಿತದ ತಪ್ಪಿಲ್ಲ.

ಆ ವಾಕ್ಯವನ್ನು ನಾನಾದರೆ ಹೀಗೆ ಬರೆಯುತ್ತಿದ್ದೆ: ‘ನಿಮ್ಮ ಜೀನಿನಲ್ಲಿ ಒಂದು ಅಕ್ಷರ ಬೇರೆಯಿದೆ. ಅದರಿಂದ ಕೆಡುಕುಂಟೋ ಇಲ್ಲವೋ ನಮಗೂ ಗೊತ್ತಿಲ್ಲ, ಲ್ಯಾಬಿನವರಿಗೂ ಗೊತ್ತಿಲ್ಲ. ಅದನ್ನು ಬದಿಗಿಟ್ಟು, ನಿಮಗೂ ನಿಮ್ಮ ತಾಯಿಗೂ ಬಂದ ಕಾಯಿಲೆ ನೋಡಿಯೇ ನಿಮ್ಮ ತಂಗಿಯ ತಪಾಸಣೆ ನಿರ್ಧರಿಸಬೇಕು, ಅವರನ್ನು ಕರೆತನ್ನಿ.’

ಪತ್ರದ ಕೊನೆಯ ಸಾಲು ‘ಒಂದೆರಡು ವರ್ಷಗಳ ಬಳಿಕ ಸಂಪರ್ಕಿಸಿ’. ಯಾರನ್ನು ಎಂದಿಲ್ಲ, ಯಾವ ತಿಂಗಳು ಎಂದಿಲ್ಲ. ವರ್ಗ ಬದಲಾದರೆ ಲ್ಯಾಬು ಆಸ್ಪತ್ರೆಗೆ ತಿಳಿಸುತ್ತದೆಯೇ, ಆಸ್ಪತ್ರೆ ಮನೆಗೆ ತಿಳಿಸುತ್ತದೆಯೇ ಎಂಬುದೂ ಇಲ್ಲ. ಲಕೋಟೆಯ ಹಿಂದೆ ಮಾತ್ರ ಪೆನ್ಸಿಲಿನಲ್ಲಿ ‘ಯುಗಾದಿ ಆದಮ್ಯಾಲೆ ಫೋನ್’ ಎಂದಿದೆ. ಅಕ್ಕನ ಕೈಬರಹ.