ಒಂದು ಸಿಗರೇಟು ತಾನೇ?

ಕುಂಬಳೆಯಿಂದ ಬದಿಯಡ್ಕದವರೆಗೆ ಯಾವ ಪೇಟೆಯಲ್ಲಿ ವಿಚಾರಿಸಿದರೂ ಬಿಡಿ ಸಿಗರೇಟಿನ ಪರವಾಗಿ ಎರಡು ಮಾತು ಸಿಕ್ಕೇ ಸಿಗುತ್ತವೆ. ಪ್ಯಾಕ್ ಕೊಂಡವನು ಹತ್ತನ್ನೂ ಸೇದಿ ಮುಗಿಸುತ್ತಾನೆ, ಬಿಡಿ ಕೊಳ್ಳುವವನು ಒಂದೆರಡಕ್ಕೆ ನಿಲ್ಲಿಸುತ್ತಾನೆ ಎನ್ನುವುದು ಮೊದಲನೆಯದು. ಬಿಡಿ ಮಾರಾಟ ನಿಲ್ಲಿಸಿದರೆ ಪೆಟ್ಟು ಬೀಳುವುದು ಬಡ ಗೂಡಂಗಡಿಯವನಿಗೆ, ಕಂಪೆನಿಗಲ್ಲ ಎನ್ನುವುದು ಎರಡನೆಯದು. ಸೇದದವರೂ ಇದಕ್ಕೆ ಹೌದೆಂದು ತಲೆಯಾಡಿಸುತ್ತಾರೆ.

ಎರಡನ್ನೂ ಪ್ಲಸ್ ಟು ಹುಡುಗನೊಬ್ಬನ ಜೇಬಿನಿಂದ ನೋಡೋಣ. ಬಸ್ಸಿನ ವಿದ್ಯಾರ್ಥಿ ರಿಯಾಯಿತಿ ದರ, ಒಂದು ಚಹಾ ಎಲ್ಲ ಕಳೆದು ಅವನಲ್ಲಿ ಇಪ್ಪತ್ತು ರೂಪಾಯಿ ಉಳಿದಿದೆ ಎಂದುಕೊಳ್ಳಿ. ಹತ್ತರ ಪ್ಯಾಕಿಗೆ 95 ರೂಪಾಯಿ ಎಂದಿಟ್ಟುಕೊಂಡರೆ ಅದು ಅವನ ಕೈಗೆ ಎಟುಕುವುದಿಲ್ಲ. ಕೊಂಡರೂ ಉಳಿದ ಒಂಬತ್ತನ್ನು ಅಮ್ಮನ ಕಣ್ಣಿಗೆ ಬೀಳದಂತೆ ಇಡುವುದೆಲ್ಲಿ? ಬಿಡಿಯಾದರೆ ಈ ಎರಡು ತೊಡಕೂ ಇಲ್ಲ. ಹತ್ತು ರೂಪಾಯಿ ಕೊಟ್ಟು, ಅಂಗಡಿಯ ಕಂಬಕ್ಕೆ ದಾರದಲ್ಲಿ ನೇತುಹಾಕಿದ ಲೈಟರಿನಿಂದ ಹೊತ್ತಿಸಿ, ಬಸ್ಸು ಬರುವ ಮೊದಲು ತುಂಡನ್ನು ಎಸೆದರೆ ಆಯಿತು. ಬೆಂಕಿಪೊಟ್ಟಣಕ್ಕೂ ಅವನು ಕಾಸು ಬಿಚ್ಚಬೇಕಾಗಿಲ್ಲ. ಬಿಡಿ ಕೊಳ್ಳುವವನು ಕಡಿಮೆ ಸೇದುತ್ತಾನೆ ಎಂಬ ವಾದ ಈಗಾಗಲೇ ಸೇದುವವನನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಇನ್ನೂ ಶುರುಮಾಡದವನಿಗೆ ಅದೇ ಒಂದು ಸಿಗರೇಟು ಪ್ರವೇಶದ ಟಿಕೆಟು.

ಸೇದುವವರ ವಿಷಯದಲ್ಲೂ ಆ ವಾದ ಅರ್ಧ ಮಾತ್ರ ನಿಜ. ಮೆಕ್ಸಿಕೊದ ವಯಸ್ಕ ಧೂಮಪಾನಿಗಳ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಡಿಮೆ ಮಾಡಲೆಂದೇ ಬಿಡಿ ಕೊಳ್ಳುವವರು ಸಿಕ್ಕಿದ್ದರು. ಬಿಡಿಯಾಗಿ ಮಾರುವುದನ್ನು ಕಂಡರೇ ಸೇದುವ ಆಸೆ ಕೆರಳುತ್ತದೆ ಎಂದವರೂ ಸಿಕ್ಕಿದ್ದರು. ಬಿಡಲು ಹೆಣಗುವವನಿಗೆ ಪ್ರತಿ ಬಸ್‌ಸ್ಟಾಪಿನಲ್ಲೂ ಒಂದೊಂದೇ ಸಿಗುವುದು ಉಪಕಾರವಲ್ಲ.

ಇನ್ನು ಕಾನೂನಿನ ಹತ್ಯಾರುಗಳು. 2016ರ ಏಪ್ರಿಲ್‌ನಿಂದ ಪ್ಯಾಕಿನ ಎರಡೂ ಮುಖಗಳ ಶೇ. 85 ಭಾಗವನ್ನು ಎಚ್ಚರಿಕೆಯ ಚಿತ್ರ ಆವರಿಸಿದೆ. 2018ರಿಂದ ಸೇದುವುದನ್ನು ಬಿಡಲು ನೆರವಾಗುವ ಸಹಾಯವಾಣಿಯ ಸಂಖ್ಯೆಯೂ ಅದರಲ್ಲಿದೆ. ಇದಕ್ಕಾಗಿ ಕೋರ್ಟುಗಳಲ್ಲಿ ಎಷ್ಟು ಜಗ್ಗಾಟ ನಡೆಯಿತು! ಆದರೆ ನಮ್ಮ ಹುಡುಗ ಪ್ಯಾಕನ್ನು ಮುಟ್ಟುವುದೇ ಇಲ್ಲ. ಅದು ಅಂಗಡಿಯವನ ಬಳಿಯೇ ಉಳಿಯುತ್ತದೆ. ತೆರಿಗೆಯ ಗತಿಯೂ ಅಷ್ಟೆ. ಪ್ಯಾಕಿಗೆ ಇಪ್ಪತ್ತು ರೂಪಾಯಿ ಏರಿದರೆ ಕೊಳ್ಳುವವನು ಒಮ್ಮೆ ಯೋಚಿಸುತ್ತಾನೆ. ಬಿಡಿಯಲ್ಲಿ ಅದು ಎರಡು ರೂಪಾಯಿಯಾಗಿ ಚಿಲ್ಲರೆಯಲ್ಲಿ ಕರಗಿಹೋಗುತ್ತದೆ.

ಚಿಲ್ಲರೆಯ ಮಾತು ಬಂದಾಗ ಬಡ ಅಂಗಡಿಯವನ ವಾದವನ್ನೂ ಕೇಳಬೇಕು. 95 ರೂಪಾಯಿಯ ಪ್ಯಾಕನ್ನು ಬಿಡಿಸಿ ಒಂದಕ್ಕೆ ಹತ್ತರಂತೆ ಮಾರಿದರೆ ಮಾಮೂಲಿ ಕಮಿಷನ್ ಅಲ್ಲದೆ ಇನ್ನೂ ಐದು ರೂಪಾಯಿ ಸಿಗುತ್ತದೆ. ಸಣ್ಣ ಅಂಗಡಿಗೆ ಇದು ಸಣ್ಣದಲ್ಲ, ಒಪ್ಪುತ್ತೇನೆ. ಆದರೆ ಪ್ಯಾಕಿನ ಮೇಲೆ ಅಚ್ಚಾದ ಬೆಲೆಗಿಂತ ಹೆಚ್ಚಿಗೆ ಪಡೆಯುವ ಈ ಐದು ರೂಪಾಯಿಯನ್ನು ಬಡವನ ಹಕ್ಕು ಎಂದು ಕರೆಯುವುದು ನನ್ನಿಂದಾಗದು.

ಹದಿನೆಂಟು ತುಂಬದವರಿಗೆ ಮಾರುವುದನ್ನೂ ಶಾಲೆಯಿಂದ ನೂರು ಗಜದೊಳಗೆ ಮಾರುವುದನ್ನೂ 2003ರ ಕೇಂದ್ರ ಕಾಯ್ದೆ ನಿಷೇಧಿಸಿದೆ, ಮತ್ತೇನು ಬೇಕು ಎಂದು ಕೇಳುವವರಿದ್ದಾರೆ. ಆ ಕಾಯ್ದೆಯಲ್ಲಿ ಇದಕ್ಕೆ ದಂಡ ಗರಿಷ್ಠ 200 ರೂಪಾಯಿ. ಮಕ್ಕಳಿಗೆ ತಂಬಾಕು ಕೊಟ್ಟರೆ ಏಳು ವರ್ಷದವರೆಗೆ ಸಜೆ ಎನ್ನುವ 2015ರ ಬಾಲನ್ಯಾಯ ಕಾಯ್ದೆಯೂ ಇದೆ. ಕಷ್ಟವಿರುವುದು ಸಾಕ್ಷ್ಯದಲ್ಲಿ. ಬಿಡಿ ಸಿಗರೇಟಿಗೆ ಬಿಲ್ಲಿಲ್ಲ, ಪ್ಯಾಕಿಲ್ಲ. ಐದೇ ನಿಮಿಷದಲ್ಲಿ ಅದು ಬೂದಿ. ಬಿಡಿ ಮಾರಾಟವೇ ಅಪರಾಧವಾದರೆ ಕೊಂಡವನ ವಯಸ್ಸು ಸಾಬೀತು ಮಾಡುವ ಗೋಜಿಲ್ಲ; ಒಡೆದ ಪ್ಯಾಕಿನಿಂದ ಒಂದನ್ನು ತೆಗೆದು ಕೊಟ್ಟದ್ದನ್ನು ಕಂಡರೆ ಸಾಕು. ಕೇಂದ್ರ ಕಾಯ್ದೆಯಲ್ಲಿ ಆ ಮಾತು ನೇರವಾಗಿ ಇಲ್ಲ. ಬಿಡಿಯಾಗಿ, ಸಣ್ಣ ಪ್ಯಾಕುಗಳಲ್ಲಿ ಮಾರುವುದನ್ನು ತಡೆಯಲು ಯತ್ನಿಸಬೇಕೆನ್ನುವ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಪ್ಪಂದವನ್ನು ಭಾರತ 2004ರಲ್ಲೇ ಅನುಮೋದಿಸಿದ್ದರೂ.

ತಲಪಾಡಿ ಗಡಿಯ ಆಚೆ ಕರ್ನಾಟಕ 2017ರಲ್ಲಿ ಆದೇಶ ಹೊರಡಿಸಿ ಬಿಡಿ ಮಾರಾಟ ನಿಷೇಧಿಸಿತು. ಬಳಿಕ ತನ್ನದೇ ತಿದ್ದುಪಡಿ ಕಾಯ್ದೆ ತಂದು, ರಾಷ್ಟ್ರಪತಿಗಳ ಅಂಕಿತ ಪಡೆದು, 2025ರಲ್ಲಿ ವಯೋಮಿತಿಯನ್ನು 21ಕ್ಕೆ, ದಂಡವನ್ನು ಸಾವಿರ ರೂಪಾಯಿಗೆ ಏರಿಸಿತು. ಹಾಗೆಂದು ಮಂಗಳೂರಿನಲ್ಲಿ ಬಿಡಿ ಸಿಗರೇಟು ಸಿಗುವುದಿಲ್ಲವೇ? ಧಾರಾಳವಾಗಿ ಸಿಗುತ್ತದೆ. ಯಾವ ಅಂಗಡಿ ತಂಬಾಕು ಮಾರುತ್ತದೆ ಎಂಬ ಪಟ್ಟಿಯೇ ಇಲ್ಲದಿದ್ದರೆ ನಿಷೇಧ ಕಡತದಲ್ಲೇ ಉಳಿಯುತ್ತದೆ.

ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದನ್ನು ಹೈಕೋರ್ಟ್ ತೀರ್ಪಿನ ಮೂಲಕ 1999ರಷ್ಟು ಹಿಂದೆಯೇ ತಡೆದ ರಾಜ್ಯ ಕೇರಳ. ಅದು ಕರ್ನಾಟಕದ ಹಾದಿ ಹಿಡಿಯಲಿ, ಆದರೆ ಒಂದು ಹೆಜ್ಜೆ ಮುಂದೆ ಹೋಗಲಿ. ತಂಬಾಕು ಮಾರಲು ಪಂಚಾಯತಿನಿಂದ ಪ್ರತ್ಯೇಕ ಲೈಸೆನ್ಸ್ ಇರಲಿ. ಬಿಡಿ ಮಾರಿ ಸಿಕ್ಕಿಬಿದ್ದರೆ ಅದು ರದ್ದಾಗಲಿ. ಹತ್ತಕ್ಕಿಂತ ಸಣ್ಣ ಪ್ಯಾಕನ್ನೂ ನಿಷೇಧದೊಳಗೆ ಸೇರಿಸಬೇಕು. ಇಲ್ಲವಾದರೆ ಬಿಡಿಯ ಜಾಗಕ್ಕೆ ಐದರ ಪ್ಯಾಕ್ ಬಂದು ಕೂರುತ್ತದೆ.