ಹೆಪ್ಪು ಹಾಕಿದ ಗಡಿಗೆ, ಇಪ್ಪತ್ತು ಸೆಕೆಂಡು ಮೌನ

ಕೊಲ್ಹಾರದ ಮೊಸರಿನ ಬಗ್ಗೆ ವಿಜಯಪುರ ಸೀಮೆಯಲ್ಲಿ ಒಂದು ಮಾತುಂಟು: ಗಡಿಗೆಯನ್ನು ಬೋರಲು ಹಾಕಿದರೂ ಮೊಸರು ಕೆಳಗೆ ಬೀಳುವುದಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೆಯ ಊರು ಮುಳುಗಿತು, ಜನ ಮೇಲೆ ಬಂದು ಹೊಸ ಊರು ಕಟ್ಟಿಕೊಂಡರು. ಮಣ್ಣಿನ ಗಡಿಗೆಯ ಮೊಸರು ಮಾತ್ರ ಜೊತೆಗೇ ಬಂತು. ಕೃಷ್ಣೆಯ ಸೇತುವೆ ದಾಟಿ ಬಾಗಲಕೋಟೆಗೆ ಹೋಗುವವರು ಇವತ್ತಿಗೂ ಅದನ್ನು ಕೊಂಡೇ ಹೋಗುತ್ತಾರೆ. ಹೈಸ್ಕೂಲು ಮಕ್ಕಳಿಗೆ ಪ್ರಯೋಗದ ವಿಡಿಯೊ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ. ಊರೆಲ್ಲ ನಂಬಿರುವ ಒಂದು ಮಾತು, ಮನೆಯಲ್ಲೇ ಇರುವ ಸಾಮಾನು, ಒಂದೇ ರಾತ್ರಿಯ ಕೆಲಸ.

ಆದರೆ ‘ಕೊಲ್ಹಾರದ ಮೊಸರು ಯಾಕೆ ಗಟ್ಟಿ’ ಎಂಬ ಪ್ರಶ್ನೆ ಇಟ್ಟುಕೊಂಡು ಸ್ಕ್ರಿಪ್ಟ್ ಬರೆದರೆ ಅದು ಕೆಡುತ್ತದೆ. ಎಮ್ಮೆ ಹಾಲಿನಲ್ಲಿ ಕೊಬ್ಬು ಶೇಕಡಾ 6ರಿಂದ 8ರವರೆಗೆ ಇರುತ್ತದೆ, ಹಸುವಿನದರಲ್ಲಿ ಸುಮಾರು 4. ಹೆಪ್ಪುಗಟ್ಟುವ ಕೇಸೀನ್ ಎಂಬ ಪ್ರೋಟೀನ್ ಕೂಡ ಎಮ್ಮೆ ಹಾಲಿನಲ್ಲೇ ಹೆಚ್ಚು. ಹಾಲನ್ನು ಎಷ್ಟು ಹೊತ್ತು ಕಾಯಿಸಿದರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇಷ್ಟೂ ಕಾರಣಗಳನ್ನು ಎಂಟು ನಿಮಿಷದ ವಿಡಿಯೊದಲ್ಲಿ ಬಿಡಿಸಲಾಗದು. ಆದ್ದರಿಂದ ಪ್ರಶ್ನೆಯನ್ನು ಕಿರಿದು ಮಾಡಬೇಕು: ಒಂದೇ ಹಾಲು, ಒಂದೇ ಹೆಪ್ಪು, ಪಾತ್ರೆ ಬದಲಾದರೆ ಮೊಸರಿನ ನೀರು ಎಲ್ಲಿಗೆ ಹೋಗುತ್ತದೆ? ಮೊದಲ ಅರ್ಧ ನಿಮಿಷದಲ್ಲೇ ಇದನ್ನು ಹೇಳಿಬಿಡಬೇಕು. ಗಡಿಗೆಯ ಪಾಲು ಎಷ್ಟು ಎಂಬುದನ್ನು ಮಾತ್ರ ನೋಡುತ್ತಿದ್ದೇವೆ, ಎಮ್ಮೆಯ ಪಾಲನ್ನಲ್ಲ ಎಂಬುದೂ ಅಲ್ಲೇ ಬರಲಿ.

ಸಾಮಾನಿನ ಪಟ್ಟಿಯನ್ನು ತೆರೆಯ ಮೇಲೆ ಸರ್ರನೆ ಓಡಿಸುವುದು ನಮ್ಮ ಬಹುತೇಕ ವಿಡಿಯೊಗಳ ಚಾಳಿ. ಪಟ್ಟಿ ಎಂದರೆ ಹೆಸರುಗಳಷ್ಟೇ ಅಲ್ಲ, ಯಾವುದರ ಬದಲು ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದನ್ನೂ ಅದು ಹೇಳಬೇಕು. ಈ ಪ್ರಯೋಗಕ್ಕೆ ಒಂದೇ ಅಳತೆಯ ಎರಡು ಸಣ್ಣ ಗಡಿಗೆ ಬೇಕು. ಒಳಗಾಗಲಿ ಹೊರಗಾಗಲಿ ಹೊಳಪು, ಬಣ್ಣ ಇರಬಾರದು. ಹೊಸವೇ ಆಗಬೇಕು, ಏಕೆಂದರೆ ಒಮ್ಮೆ ಮೊಸರು ಕಂಡ ಗಡಿಗೆಯ ಸಣ್ಣ ರಂಧ್ರಗಳಲ್ಲಿ ಹಾಲಿನ ಜಿಡ್ಡು ಕೂತಿರುತ್ತದೆ, ಅದು ನೀರು ಹೀರುವುದು ಕಡಿಮೆ. ತೊಳೆದ ಮೇಲೆ ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ಹಸಿ ಗಡಿಗೆ ಆಗಲೇ ನೀರು ಕುಡಿದಿರುತ್ತದೆ, ಹಾಲಿನ ನೀರಿಗೆ ಅಲ್ಲಿ ಜಾಗವಿರುವುದಿಲ್ಲ. ಹೆಚ್ಚುಕಡಿಮೆ ಅದೇ ಗಾತ್ರದ ಒಂದು ಸ್ಟೀಲ್ ತಂಬಿಗೆ, ಮೂರು ಮುಚ್ಚಳ, ತೆಳು ಪ್ಲಾಸ್ಟಿಕ್ ಹಾಳೆ, ದಾರ, ಕಾಯಿಸಿದ 600 ಮಿ.ಲೀ. ಹಾಲು, ಹೆಪ್ಪಿಗೆ ಮೂರು ಚಹಾ ಚಮಚ ಮೊಸರು. ತಕ್ಕಡಿ ಒಂದೊಂದು ಗ್ರಾಂ ತೋರಿಸುವಂಥದ್ದೇ ಇರಲಿ. ಐದೈದು ಗ್ರಾಮಿಗೆ ಜಿಗಿಯುವ ತಕ್ಕಡಿಯಲ್ಲಿ ಇಡೀ ಪ್ರಯೋಗವೇ ಮಾಯವಾಗುತ್ತದೆ.

ಪಾತ್ರೆ ಮೂರೇ ಯಾಕೆ, ಅವೇ ಯಾಕೆ? ಒಂದು ಗಡಿಗೆಗೆ ಏನನ್ನೂ ಸುತ್ತುವುದಿಲ್ಲ. ಇನ್ನೊಂದರ ಹೊರಮೈಗೆ ಪ್ಲಾಸ್ಟಿಕ್ ಸುತ್ತಿ ಕಂಠಕ್ಕೆ ದಾರ ಕಟ್ಟುತ್ತೇವೆ. ಅದರ ಗೋಡೆ ನೀರು ಹೀರಬಹುದು, ಆದರೆ ಆವಿ ಹೊರಗೆ ಹೋಗಲಾರದು. ಸ್ಟೀಲ್ ತಂಬಿಗೆಗೂ ಹಾಗೆಯೇ ಪ್ಲಾಸ್ಟಿಕ್ ಸುತ್ತಬೇಕು. ಇದನ್ನು ಬಿಡುವವರೇ ಹೆಚ್ಚು. ಬೆಳಿಗ್ಗೆ ಪ್ಲಾಸ್ಟಿಕ್ಕಿನ ಒಳಗೆ ಹನಿ ಕಂಡರೆ ‘ಅದು ಗಾಳಿಯಲ್ಲಿದ್ದ ತೇವ ಸರ್’ ಎಂದು ಒಬ್ಬ ಹುಡುಗ ಹೇಳಿಯೇ ಹೇಳುತ್ತಾನೆ. ತಂಬಿಗೆಯ ಪ್ಲಾಸ್ಟಿಕ್ ಒಣಗಿದ್ದರೆ ಅವನಿಗೆ ಉತ್ತರ ಅಲ್ಲೇ ಇದೆ.

ಇನ್ನು ಎಚ್ಚರಿಕೆಯ ಮಾತು. ಎಲ್ಲ ಎಚ್ಚರಿಕೆಗಳನ್ನೂ ವಿಡಿಯೊದ ಮೊದಲಿಗೆ, ಸಿನಿಮಾದ ಮುಂಚಿನ ಸಿಗರೇಟಿನ ಎಚ್ಚರಿಕೆಯ ಹಾಗೆ, ಓದಿ ಮುಗಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆರನೇ ನಿಮಿಷದಲ್ಲಿ ಮಾಡುವ ಕೆಲಸದ ಅಪಾಯವನ್ನು ಮೊದಲ ನಿಮಿಷದಲ್ಲಿ ಹೇಳಿದರೆ ಯಾರಿಗೆ ನೆನಪಿರುತ್ತದೆ? ಎಚ್ಚರಿಕೆ ಇರಬೇಕಾದದ್ದು ಆಯಾ ಹೆಜ್ಜೆಗೆ ಒಂದೇ ಒಂದು ವಾಕ್ಯ ಮುಂಚೆ, ಕೈ ಪಾತ್ರೆಗೆ ಹೋಗುವ ಮೊದಲು. ಹಾಲು ಕಾಯಿಸಿ ಇಳಿಸುವ ಜಾಗದಲ್ಲಿ ನಾನು ಬರೆಯುವುದು ಹೀಗೆ:

“ಹಾಲು ಕಾಸಿ ಇಳಸೂದು ದೊಡ್ಡವರ ಕೆಲಸ. ನೀವು ಒಲಿ ಹತ್ರ ಹೋಗಬ್ಯಾಡ್ರಿ. ಒಲಿ ಆರಿಸಿದ ಮ್ಯಾಲೇ ಪ್ಲಾಸ್ಟಿಕ್ ಕೈಗೆ ತಗೋರಿ.”

ಹಾಲು 45 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದಾಗ ಹೆಪ್ಪು ಹಾಕಬೇಕು. ಇಲ್ಲಿ ಉಷ್ಣಮಾಪಕದ ಎಚ್ಚರಿಕೆ ಬರುತ್ತದೆ, ಅದಕ್ಕೆ ಕಾರಣವನ್ನೂ ಸೇರಿಸಬೇಕು. ಮನೆಯಲ್ಲಿ ಜ್ವರ ನೋಡುವ ಗಾಜಿನ ಥರ್ಮಾಮೀಟರ್ 42 ಡಿಗ್ರಿವರೆಗೆ ಮಾತ್ರ ತೋರಿಸುತ್ತದೆ. ಅದನ್ನು ಬಿಸಿ ಹಾಲಿಗೆ ಹಾಕಿದರೆ ಒಡೆಯಬಹುದು, ಒಳಗಿರುವುದು ಪಾದರಸವಾದರೆ ಅದು ವಿಷ. ಡಿಜಿಟಲ್ ಅಥವಾ ಕೆಂಪು ದ್ರವದ ಉಷ್ಣಮಾಪಕ ಬಳಸಬೇಕು, ಅದರಿಂದ ಹಾಲು ಕದಡಬಾರದು. ಶಾಲೆಯ ಪ್ರಯೋಗಾಲಯದ ಉಷ್ಣಮಾಪಕ ಹಿಂದೆ ಯಾವ ಯಾವ ರಾಸಾಯನಿಕದಲ್ಲಿ ಮುಳುಗಿತ್ತೋ ಗೊತ್ತಿಲ್ಲ. ಹಾಗಾಗಿ ಈ ಮೊಸರನ್ನು ತಿನ್ನುವಂತಿಲ್ಲ, ರುಚಿಯನ್ನೂ ನೋಡುವಂತಿಲ್ಲ. ಕೊಲ್ಹಾರದಲ್ಲಿ ನಿಂತು ಮೊಸರು ತಿನ್ನಬೇಡಿ ಎಂದು ಹೇಳುವುದು ಕಷ್ಟವೇ. ಅದಕ್ಕಾಗಿಯೇ ಪಾತ್ರೆಗೆ 200 ಮಿ.ಲೀ. ಮಾತ್ರ ಇಟ್ಟಿದ್ದೇನೆ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ವಿಡಿಯೊ ನಡುವೆ ಮಕ್ಕಳಿಗೆ ನೋಡಲು ಬೇಕಾದ ಜಾಗವನ್ನು ನಾವು ಬಿಡುವುದೇ ಇಲ್ಲ. 1970ರ ದಶಕದಲ್ಲಿ ಅಮೆರಿಕದ ಮೇರಿ ಬಡ್ ರೋ ವಿಜ್ಞಾನದ ತರಗತಿಗಳಲ್ಲಿ ಕೂತು ಸಮಯ ಅಳೆದರು. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನೆ ಕೂರುತ್ತಿದ್ದವರೂ ಬಾಯಿ ಬಿಟ್ಟರು. ಅದು ಎದುರಿಗೆ ಮೇಷ್ಟ್ರು ಇರುವ ತರಗತಿಯ ಮಾತು. ವಿಡಿಯೊದಲ್ಲಿ ಆ ಒಂದು ಸೆಕೆಂಡೂ ಇರುವುದಿಲ್ಲ. ‘ವಿಡಿಯೊ ನಿಲ್ಲಿಸಿ ನೋಡಿ’ ಎಂದು ಹೇಳಿಬಿಟ್ಟರೆ ಸಾಲದು. ಕೋವಿಡ್ ಕಾಲದಲ್ಲಿ ಚಂದನ ವಾಹಿನಿಯಲ್ಲಿ ಪಾಠ ನೋಡಿದ ಮಕ್ಕಳ ಕೈಯಲ್ಲಿ ನಿಲ್ಲಿಸುವ ಗುಂಡಿಯೇ ಇರಲಿಲ್ಲ. ಇವತ್ತು ತರಗತಿಯಲ್ಲಿ ಪ್ರೊಜೆಕ್ಟರ್ ಹಾಕಿದರೂ ರಿಮೋಟ್ ಇರುವುದು ಮೇಷ್ಟ್ರ ಕೈಯಲ್ಲಿ. ನಿಲುಗಡೆ ವಿಡಿಯೊದ ಒಳಗೇ ಇರಬೇಕು.

ಗಡಿಗೆಯ ಪ್ರಯೋಗದಲ್ಲಿ ಅಂಥ ನಿಲುಗಡೆ ಮೂರು. ಮೊದಲನೆಯದು ರಾತ್ರಿ ಮುಚ್ಚಳ ಹಾಕಿದ ಕೂಡಲೇ. ಬೆಳಿಗ್ಗೆ ಯಾವ ಪಾತ್ರೆಯ ತೂಕ ಇಳಿದಿರುತ್ತದೆ ಎಂದು ಮಕ್ಕಳು ಊಹಿಸಿ ಬರೆದುಕೊಳ್ಳಬೇಕು. ಬರೆಯಲು ಪೂರ್ತಿ ಒಂದು ನಿಮಿಷ. ಎರಡನೆಯದು ಬೆಳಿಗ್ಗೆ, ಇದೇ ವಿಡಿಯೊದ ಜೀವ. ಕ್ಯಾಮೆರಾ ಹತ್ತಿರ ಹೋಗುತ್ತದೆ, ಮೂರೂ ಪಾತ್ರೆಗಳ ಹೊರಮೈ ಒಂದೇ ಚೌಕಟ್ಟಿನಲ್ಲಿ. ಇಪ್ಪತ್ತು ಸೆಕೆಂಡು ಮಾತಿಲ್ಲ, ಹಿನ್ನೆಲೆ ಸಂಗೀತವಿಲ್ಲ, ಬಾಣದ ಗುರುತಿಲ್ಲ. ಆಮೇಲೆ ಒಂದೇ ಪ್ರಶ್ನೆ: “ಮೂರರ ಹೊರಮೈ ನೋಡ್ರಿ. ಏನ್ ಫರಕ್ ಐತಿ?” ಮತ್ತೆ ಹತ್ತು ಸೆಕೆಂಡು. “ಪ್ಲಾಸ್ಟಿಕ್ ಒಳಗ ಹನಿ ಕಂಡ್ವಾ?” ಎಂದು ಕೇಳಿದರೆ ಅದು ಪ್ರಶ್ನೆಯಲ್ಲ, ಉತ್ತರ. ಎಡಿಟಿಂಗಿಗೆ ಕೂತ ಹುಡುಗರು ಈ ಇಪ್ಪತ್ತು ಸೆಕೆಂಡನ್ನು ಐದಕ್ಕೆ ಇಳಿಸಲು ಯಾವಾಗಲೂ ಕತ್ತರಿ ಹಿಡಿದಿರುತ್ತಾರೆ. ಜನ ಬೇರೆ ವಿಡಿಯೊಕ್ಕೆ ಹೋಗಿಬಿಡುತ್ತಾರೆ ಎಂಬುದು ಅವರ ಭಯ. ಹೋಗುವವರು ಹೋಗಲಿ, ಅವರು ಮಾಡಿ ನೋಡಲು ಬಂದವರಲ್ಲ.

ಮೂರನೆಯ ನಿಲುಗಡೆ ತಕ್ಕಡಿಯ ಮುಂದೆ. ಇದಕ್ಕೆ ರಾತ್ರಿಯೇ ಬರಿಯ ಪಾತ್ರೆಯನ್ನೂ ಹಾಲು ತುಂಬಿದ ಪಾತ್ರೆಯನ್ನೂ ತೂಗಿ ಬರೆದಿಟ್ಟಿರಬೇಕು. ಒಂದು ಉದಾಹರಣೆ ಹಿಡಿಯೋಣ. ಸುತ್ತದ ಗಡಿಗೆ ಬರಿದಾಗಿ 300 ಗ್ರಾಂ, ಹಾಲು ಹೆಪ್ಪು ಸೇರಿ 205, ಒಟ್ಟು 505. ಬೆಳಿಗ್ಗೆ ಮೊಸರಿನ ಸಮೇತ ತೂಗಿದರೆ 495. ಆ ಹತ್ತು ಗ್ರಾಂ ಗಾಳಿಗೆ ಹೋಯಿತು. ಮೊಸರನ್ನೆಲ್ಲ ಚಮಚದಿಂದ ಬಳಿದು ತೆಗೆದು ಗಡಿಗೆಯನ್ನು ತೂಗಿದರೆ 312. ಹನ್ನೆರಡು ಗ್ರಾಂ ಗೋಡೆಯಲ್ಲಿದೆ. 205 ಗ್ರಾಮಿನಲ್ಲಿ ಮೊಸರಾಗಿ ಕೈಗೆ ಬಂದದ್ದು 183. ಇಲ್ಲೊಂದು ತೊಡಕು: ಎಷ್ಟೇ ಬಳಿದರೂ ಸ್ವಲ್ಪ ಮೊಸರು ಗೋಡೆಗೆ ಅಂಟಿರುತ್ತದೆ, ಅದನ್ನೂ ಹೀರಿದ ನೀರೆಂದು ಎಣಿಸಿಬಿಡುತ್ತೇವೆ. ಸ್ಟೀಲ್ ತಂಬಿಗೆ ಇಲ್ಲಿ ಎರಡನೇ ಸಲ ಉಪಯೋಗಕ್ಕೆ ಬರುತ್ತದೆ. ಅದು ನೀರು ಹೀರುವುದಿಲ್ಲ. ಬಳಿದ ಮೇಲೆ ಅದರ ತೂಕ ಮೂರು ಗ್ರಾಂ ಹೆಚ್ಚಿದ್ದರೆ ಅದು ಅಂಟಿದ ಮೊಸರು. ಗಡಿಗೆಯ ಲೆಕ್ಕದಿಂದಲೂ ಕನಿಷ್ಠ ಅಷ್ಟು ಕಳೆಯಬೇಕು. ಮಣ್ಣಿನ ಮೈ ಒರಟಾದ್ದರಿಂದ ಅಲ್ಲಿ ಅಂಟುವುದು ಇನ್ನೂ ಹೆಚ್ಚು.

ಪ್ರಯೋಗ ಕೈಕೊಡುವ ಜಾಗವನ್ನೂ ಸ್ಕ್ರಿಪ್ಟ್ ಹೇಳಬೇಕು. ಚಳಿಗಾಲದ ರಾತ್ರಿ ಸುತ್ತದ ಗಡಿಗೆಯ ಹಾಲು ಹೆಪ್ಪುಗಟ್ಟದೇ ಉಳಿಯಬಹುದು. ನೀರು ಆವಿಯಾಗುವಾಗ ಗಡಿಗೆ ತಂಪಾಗುತ್ತದೆ, ಮೊಸರು ಮಾಡುವ ಬ್ಯಾಕ್ಟೀರಿಯಾಗಳಿಗೆ ಬೇಕಾದ ಬೆಚ್ಚನೆ ಸಿಗುವುದಿಲ್ಲ. ಓರೆ ಮಾಡಿದಾಗ ಹಾಲಿನಂತೆ ಒಂದೇ ಸಮನೆ ಹರಿದರೆ ಅದು ಹೆಪ್ಪಾಗಿಲ್ಲ. ಗಡ್ಡೆ ನಿಂತು ಅಂಚಿನಲ್ಲಿ ತಿಳಿ ನೀರು ಬಂದರೆ ಹೆಪ್ಪಾಗಿದೆ. ಆಗದಿದ್ದರೆ ಮೊದಲ ನಾಲ್ಕೈದು ತಾಸು ಮೂರೂ ಪಾತ್ರೆಗಳನ್ನು ಒಂದೇ ಕಂಬಳಿಯಲ್ಲಿ ಇಟ್ಟು, ಆಮೇಲೆ ಗಾಳಿಗೆ ತೆಗೆಯಬೇಕು. ಮಳೆಗಾಲದಲ್ಲಿ ಇನ್ನೊಂದು ತೊಂದರೆ: ಗಾಳಿಯೇ ತೇವವಾಗಿರುವಾಗ ಆವಿಯಾಗುವುದು ಕಡಿಮೆ, ತೂಕದ ವ್ಯತ್ಯಾಸ ತಕ್ಕಡಿಗೆ ಸಿಗದಷ್ಟು ಸಣ್ಣದಾಗಬಹುದು.

ಈ ವಿಡಿಯೊ ಮಾಡುವ ಮೇಷ್ಟ್ರುಗಳು ಮಾರ್ಚ್, ಏಪ್ರಿಲ್‌ನ ಒಣ ಹವೆಯಲ್ಲಿ ಚಿತ್ರೀಕರಿಸಿ. ಗಡಿಯಾರವೊಂದನ್ನು ಚೌಕಟ್ಟಿನೊಳಗೇ ಇಡಿ, ರಾತ್ರಿಯನ್ನು ಎಲ್ಲಿ ಕತ್ತರಿಸಿದಿರಿ ಎಂಬುದು ಮಕ್ಕಳಿಗೆ ಕಾಣಲಿ. ಮೌನದ ಸೆಕೆಂಡುಗಳನ್ನು ಸ್ಕ್ರಿಪ್ಟಿನಲ್ಲೇ ಅಂಕಿಯಲ್ಲಿ ಬರೆಯಿರಿ. ಬರೆಯದ ಮೌನ ಎಡಿಟಿಂಗ್ ಮೇಜು ದಾಟಿ ಬರುವುದಿಲ್ಲ.